ಬಣ್ಣದ ಮರದ ಆಟಿಕೆ: ಮಗುವಿನ ಬಾಯಿಗೆ ಹೋಗುವ ಮೊದಲು ನಿಮ್ಮ ಕೈಯಲ್ಲಿ ಪರೀಕ್ಷೆಯಾಗಲಿ

ಒಂದರಿಂದ ಮೂರು ವರ್ಷದೊಳಗಿನ ಮಗುವಿಗೆ ಆಟಿಕೆ ಕೊಟ್ಟು ನೋಡಿ. ಮೊದಲು ಅದನ್ನು ಬಾಯಿಗೆ ಹಾಕುತ್ತದೆ. ಆಮೇಲೆ ನೆಲಕ್ಕೆ ಬಡಿಯುತ್ತದೆ, ಎಸೆಯುತ್ತದೆ, ಮತ್ತೆ ಎತ್ತಿಕೊಂಡು ಬಾಯಿಗೇ ಹಾಕುತ್ತದೆ. ಆದ್ದರಿಂದ ಈ ವಯಸ್ಸಿನ ಮಗುವಿಗೆ ಆಟಿಕೆ ಕೊಳ್ಳುವಾಗ ಅದು ನೋಡಲು ಚೆನ್ನಾಗಿದ್ದರೆ ಸಾಲದು. ಜಗಿದರೆ ಬಣ್ಣ ಬಿಡುತ್ತದೆಯೇ, ಬಡಿದರೆ ತುಂಡು ಕಳಚುತ್ತದೆಯೇ, ಸವರಿದರೆ ಸಿಬಿರು ಚುಚ್ಚುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಅಂಗಡಿಯಲ್ಲೇ ಉತ್ತರ ಸಿಗಬೇಕು.

ಪ್ಲಾಸ್ಟಿಕ್ ಬೇಡ, ಮರದ್ದೇ ಒಳ್ಳೆಯದು ಎಂದು ಈಗ ಅನೇಕ ಮನೆಗಳಲ್ಲಿ ಮರದ ಆಟಿಕೆಗಳನ್ನು ಕೊಳ್ಳುತ್ತಾರೆ. ಅಕೀಕಾಕ್ಕೆ ಉಡುಗೊರೆಯಾಗಿ, ಈದ್ ಸಮಯದಲ್ಲಿ, ಉರೂಸ್ ಅಂಗಡಿಗಳಲ್ಲಿ, ಬೆಂಗಳೂರು–ಮೈಸೂರು ದಾರಿಯಲ್ಲಿ ಚನ್ನಪಟ್ಟಣದ ಬಳಿ ಕಾರು ನಿಲ್ಲಿಸಿ ಕೊಳ್ಳುವವರು ಬಹಳ. ಆದರೆ ಮರ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಒಂದೇ ಅಂಗಡಿಯ ಒಂದೇ ಸಾಲಿನಲ್ಲಿ ಮಗುವಿನ ಬಾಯಿಗೆ ತಕ್ಕ ಆಟಿಕೆಯೂ ಇರುತ್ತದೆ, ಶೋಕೇಸಿಗೆ ಮಾತ್ರ ತಕ್ಕದ್ದೂ ಇರುತ್ತದೆ.

ಐಎಸ್‌ಐ ಮುದ್ರೆ ಎಲ್ಲಿ ಇರಬೇಕು, ಎಲ್ಲಿ ಇರುವುದಿಲ್ಲ

2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯ. ಬ್ಯಾಟರಿ, ವಿದ್ಯುತ್ ಇಲ್ಲದ ಆಟಿಕೆಯಾದರೆ ಮುದ್ರೆಯ ಮೇಲೆ ಐಎಸ್ 9873 ಎಂಬ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರಬೇಕು. ಮೊಬೈಲಿನಲ್ಲಿ ‘ಬಿಐಎಸ್ ಕೇರ್’ ಆ್ಯಪ್ ತೆರೆದು ಆ ಸಂಖ್ಯೆಯನ್ನು ಹಾಕಿದರೆ ಪರವಾನಗಿ ಯಾರದು, ಈಗಲೂ ಚಾಲ್ತಿಯಲ್ಲಿದೆಯೇ ಎಂದು ತಿಳಿಯುತ್ತದೆ. ಮುದ್ರೆ ಇದ್ದು ಸಂಖ್ಯೆ ಇಲ್ಲದಿದ್ದರೆ ಅದನ್ನು ನಂಬಬೇಡಿ.

ಆದರೆ ಇದಕ್ಕೆ ವಿನಾಯಿತಿ ಇದೆ. ಕೇಂದ್ರ ಸರಕಾರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ಆಟಿಕೆಗಳಿಗೂ, ಭೌಗೋಳಿಕ ಗುರುತು ಪಡೆದ ಆಟಿಕೆಗಳನ್ನು ಅದರ ಅಧಿಕೃತ ಬಳಕೆದಾರರು ತಯಾರಿಸಿದಾಗಲೂ ಈ ಮುದ್ರೆ ಕಡ್ಡಾಯವಲ್ಲ. ಚನ್ನಪಟ್ಟಣದ ಆಟಿಕೆಗೆ ಭೌಗೋಳಿಕ ಗುರುತು ಇದೆ. ಹಾಗಾಗಿ ಅಲ್ಲಿನ ಕುಶಲಕರ್ಮಿಯ ಮನೆಯಲ್ಲಿ ಕೊಂಡ ಗಿಲಕಿಯ ಮೇಲೆ ಐಎಸ್‌ಐ ಇಲ್ಲದಿದ್ದರೆ ಅದು ಕಳಪೆ ಎಂದು ಅರ್ಥವಲ್ಲ. ಆದರೆ ಅದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗಿದೆ ಎಂಬ ಖಾತ್ರಿಯೂ ಇಲ್ಲ. ಅಂಥ ಕಡೆ ಪರೀಕ್ಷಕರು ನೀವೇ ಆಗಬೇಕು. ಈ ವಿನಾಯಿತಿಯ ನೆರಳಿನಲ್ಲಿ ಕಾರ್ಖಾನೆಯ ಅಗ್ಗದ ಆಟಿಕೆಗಳೂ ಮುದ್ರೆಯಿಲ್ಲದೆ ಮಾರಾಟವಾಗುವುದುಂಟು. ಆದ್ದರಿಂದ ಯಾವುದು ಹೇಗೆ ತಯಾರಾಗಿದೆ ಎಂದು ಗುರುತಿಸಲು ಕಲಿಯುವುದು ಮೊದಲ ಹೆಜ್ಜೆ.

ದುಂಡಗಿದೆಯೇ, ಚಪ್ಪಟೆಯೇ?

ಚನ್ನಪಟ್ಟಣದ ಕಸುಬಿನ ಬೇರು ಟಿಪ್ಪು ಸುಲ್ತಾನರ ಕಾಲಕ್ಕೆ, ಅವರು ಕರೆಸಿದ ಪರ್ಷಿಯಾದ ಕುಶಲಕರ್ಮಿಗಳಿಗೆ ಹೋಗುತ್ತದೆ ಎಂಬುದು ಪ್ರತೀತಿ. ಮುಂದೆ ಇದನ್ನು ಬೆಳೆಸಿದವರಲ್ಲಿ ಬಾವಾಸ್ ಮಿಯಾ ಅವರ ಹೆಸರು ದೊಡ್ಡದು. ಇಂದಿಗೂ ಅಲ್ಲಿ ಅನೇಕ ಮುಸ್ಲಿಂ ಕುಟುಂಬಗಳು ಇದೇ ಕಸುಬಿನಲ್ಲಿವೆ. ಅವರು ಬಳಸುವ ಮುಖ್ಯ ಮರ ಆಲೆ ಮರ. ಇದು ಬಿಳಿ ಬಣ್ಣದ, ಮೃದುವಾದ, ನುಣುಪಾಗಿ ಕಡೆಯಲು ಬರುವ ಮರ. ಒಣಗಿಸಿದ ಮರದ ತುಂಡನ್ನು ಲೇತ್ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾ ಉಳಿಯಿಂದ ಆಕಾರ ಕೊಡುತ್ತಾರೆ. ಅದು ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರದ ಮೇಲೆ ತೆಳ್ಳಗೆ ಹರಡಿ ಅಂಟಿಕೊಳ್ಳುತ್ತದೆ. ಕೊನೆಗೆ ಗರಿಯಿಂದ ಒತ್ತಿ ಉಜ್ಜಿ ಹೊಳಪು ಕೊಡುತ್ತಾರೆ.

ಇದರಿಂದ ನಿಮಗೆ ಒಂದು ಸುಲಭದ ಗುರುತು ಸಿಗುತ್ತದೆ. ಲೇತ್‌ನಲ್ಲಿ ಅರಗು ಹಚ್ಚಲು ಆ ವಸ್ತು ದುಂಡಗೆ ತಿರುಗಬೇಕು. ಗಿಲಕಿ, ಬುಗುರಿ, ಬಳೆಗಳನ್ನು ಪೋಣಿಸುವ ಗೋಪುರ, ಗಾಡಿಯ ಚಕ್ರ ಇವೆಲ್ಲ ಹಾಗೆ ಆಗುವಂಥವು. ಅವುಗಳ ಬಣ್ಣ ಸುತ್ತಲೂ ಉಂಗುರದಂತೆ ಹರಡಿರುತ್ತದೆ. ಬ್ರಷ್ಷಿನ ಗೆರೆ, ಇಳಿದು ನಿಂತ ಹನಿ ಕಾಣುವುದಿಲ್ಲ. ಆದರೆ ಹಲಗೆಯಿಂದ ಕತ್ತರಿಸಿದ ಆನೆ, ಕುದುರೆ, ಅಕ್ಷರಗಳ ಫಲಕ, ಲಾರಿಯ ಮೈಗೆ ಹೀಗೆ ಬಣ್ಣ ಕೊಡಲು ಆಗುವುದಿಲ್ಲ. ಅವಕ್ಕೆ ಬ್ರಷ್ಷಿನಿಂದಲೋ ಸ್ಪ್ರೇಯಿಂದಲೋ ಪೇಂಟ್ ಹಚ್ಚಿರುತ್ತಾರೆ. ದುಂಡಗಿನ ಬೊಂಬೆಯಲ್ಲೂ ಕಣ್ಣು, ಮೂಗು, ಹೂವಿನ ಚಿತ್ರಗಳನ್ನು ಆಮೇಲೆ ಬ್ರಷ್ಷಿನಿಂದ ಬರೆದಿರುತ್ತಾರೆ. ಬಣ್ಣ ಎದ್ದು ಬರುವ ತೊಂದರೆ ಹೆಚ್ಚಾಗಿ ಇಂಥ ಜಾಗಗಳಲ್ಲೇ.

ಬಣ್ಣದ ಪರೀಕ್ಷೆ

ಅಂಗಡಿಗೆ ಹೋಗುವಾಗ ಒಂದು ಬಿಳಿ ಕರವಸ್ತ್ರ, ಸಣ್ಣ ಬಾಟಲಿಯಲ್ಲಿ ನೀರು ಇರಲಿ. ಬಟ್ಟೆಯ ಮೂಲೆಯನ್ನು ಒದ್ದೆ ಮಾಡಿ ಆಟಿಕೆಯ ಒಂದೇ ಜಾಗವನ್ನು ಇಪ್ಪತ್ತು ಸಲ ಒತ್ತಿ ಉಜ್ಜಿ. ಕೆಂಪು ಮತ್ತು ಗಾಢ ನೀಲಿ ಭಾಗಗಳನ್ನು ಬಿಡಬೇಡಿ. ಬಟ್ಟೆಗೆ ಬಣ್ಣ ಹತ್ತಿದರೆ ಜೊಲ್ಲಿಗೂ ಅದು ಹತ್ತುತ್ತದೆ. ಅಂಥದ್ದನ್ನು ಮರಳಿ ಇಟ್ಟುಬಿಡಿ.

ನಂತರ ಪೇಂಟ್ ಏಳುತ್ತದೆಯೇ ನೋಡಿ. ಮೈಯ ನಡುವೆ ಪೇಂಟ್ ಗಟ್ಟಿಯಾಗಿಯೇ ಕಾಣುತ್ತದೆ. ಅದು ಮೊದಲು ಬಿಡುವುದು ಅಂಚಿನಲ್ಲಿ, ಮೂಲೆಯಲ್ಲಿ, ತೂತಿನ ಸುತ್ತ, ಎರಡು ತುಂಡುಗಳು ಕೂಡುವ ಸಂದಿನಲ್ಲಿ, ಚಕ್ರ ಮೈಗೆ ಉಜ್ಜುವ ಜಾಗದಲ್ಲಿ. ಅಲ್ಲಿ ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಅಂಗಡಿಯವರು ಒಪ್ಪಿದರೆ ಅಂಚಿನ ಮೇಲೆ ಸೆಲ್ಲೋ ಟೇಪ್ ಒತ್ತಿ, ಒಮ್ಮೆಲೇ ಎಳೆಯಿರಿ. ಟೇಪಿಗೆ ಬಣ್ಣದ ಹೊಪ್ಪಳೆ ಅಂಟಿ ಬಂದರೆ ಆ ಪೇಂಟ್ ಮರವನ್ನು ಹಿಡಿದಿಲ್ಲ. ಮಗು ನಾಲ್ಕು ದಿನ ಜಗಿದರೆ ಅದು ಹೊಟ್ಟೆಗೆ ಹೋಗುತ್ತದೆ. ಥಿನ್ನರಿನ ಕಟು ವಾಸನೆ ಇನ್ನೂ ಬರುತ್ತಿದ್ದರೆ ಪೇಂಟ್ ಪೂರ್ತಿ ಒಣಗಿಲ್ಲ ಎಂದರ್ಥ.

ಈ ಪರೀಕ್ಷೆಗಳಿಗೆ ಒಂದು ಮಿತಿ ಇದೆ. ಬಣ್ಣ ಸಡಿಲವಾಗಿದೆಯೇ ಎಂಬುದನ್ನು ಇವು ಹೇಳುತ್ತವೆ, ಬಣ್ಣದಲ್ಲಿ ಏನಿದೆ ಎಂಬುದನ್ನು ಹೇಳುವುದಿಲ್ಲ. ಮುಖ್ಯ ಭಯ ಸೀಸದ್ದು. ಹಳದಿ, ಕಿತ್ತಳೆ, ಕೆಂಪು, ಹಸಿರು ಪೇಂಟ್‌ಗಳಿಗೆ ಉಜ್ವಲ ಬಣ್ಣ ಕೊಡಲು ಸೀಸದ ಸಂಯುಕ್ತಗಳನ್ನು ಬಳಸುವ ರೂಢಿ ಹಿಂದಿನಿಂದ ಬಂದಿದೆ. 2017ರ ನವೆಂಬರ್‌ನಿಂದ ಮನೆಗೆ ಮತ್ತು ಅಲಂಕಾರಕ್ಕೆ ಬಳಸುವ ಪೇಂಟ್‌ನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ಜಾರಿಯಲ್ಲಿದೆ. ಆದರೆ ಕೈಗಾರಿಕೆಗೆ ಬಳಸುವ ಪೇಂಟ್ ಈ ನಿಯಮದೊಳಗೆ ಬರುವುದಿಲ್ಲ. ಸಣ್ಣ ತಯಾರಕರು ಯಾವ ಡಬ್ಬದಿಂದ ಬಣ್ಣ ತೆಗೆದು ಹಚ್ಚಿದ್ದಾರೆಂದು ಆಟಿಕೆಯನ್ನು ನೋಡಿ ಹೇಳಲಾಗದು.

ಚಿಕ್ಕ ಮಗುವಿನ ಹೊಟ್ಟೆಗೆ ಹೋದ ಸೀಸ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ರಕ್ತಕ್ಕೆ ಸೇರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಬ್ಬಿಣದ ಅಂಶ ಕಡಿಮೆ ಇರುವ ಮಗುವಿನಲ್ಲಿ ಇದು ಇನ್ನೂ ಹೆಚ್ಚು. ಬೆಳೆಯುವ ಮಿದುಳಿಗೆ, ಕಲಿಯುವ ಶಕ್ತಿಗೆ ಅದು ಪೆಟ್ಟು ಕೊಡುತ್ತದೆ. ಹೊರಗೆ ಲಕ್ಷಣ ಕಾಣದೆಯೇ ಈ ಹಾನಿ ಆಗಬಹುದು. ಆದ್ದರಿಂದ ಬಾಯಿಗೆ ಹಾಕುವ ವಯಸ್ಸಿನ ಮಗುವಿಗೆ ಆಯ್ಕೆ ಹೀಗಿರಲಿ: ಬಣ್ಣವೇ ಇಲ್ಲದ ನುಣುಪು ಮರ, ಇಲ್ಲವೇ ಅರಗಿನ ಬಣ್ಣದ ದುಂಡು ಆಟಿಕೆ, ಇಲ್ಲವೇ ಐಎಸ್‌ಐ ಮುದ್ರೆ ಇರುವ ಪೇಂಟ್ ಆಟಿಕೆ. ಮುದ್ರೆಯೂ ಇಲ್ಲದ, ಬ್ರಷ್ಷಿನ ಪೇಂಟ್ ಹಚ್ಚಿದ ಚಪ್ಪಟೆ ಆಟಿಕೆ ಬೇಡ. ಅರಗಿನ ಆಟಿಕೆಯಲ್ಲೂ ಅರಗಿಗೆ ಯಾವ ಬಣ್ಣ ಬೆರೆಸಿದ್ದೀರಿ ಎಂದು ಕೇಳಿ. ಅರಿಸಿನ, ನೀಲಿ ಗಿಡದಂಥ ಸಸ್ಯದ ಬಣ್ಣವೆಂದು ತಯಾರಕರೇ ತಿಳಿಸಿ ಹೇಳಿದರೆ ಒಳ್ಳೆಯದು. ಕೆಲವರು ರಾಸಾಯನಿಕ ಬಣ್ಣವನ್ನೂ ಬೆರೆಸುತ್ತಾರೆ. ‘ಗೊತ್ತಿಲ್ಲ’ ಎಂಬ ಉತ್ತರ ಬಂದರೆ ಬಣ್ಣವಿಲ್ಲದ್ದನ್ನೇ ಆರಿಸಿ.

ಸಣ್ಣ ತುಂಡಿಗೆ ಎರಡು ಕಾಗದದ ಕೊಳವೆ

ಯಾವ ತುಂಡು ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಎಂದು ನೋಡಲು ಪ್ರಯೋಗಾಲಯಗಳಲ್ಲಿ ಒಂದು ಕೊಳವೆ ಇದೆ. ಅದರ ಒಳ ಅಗಲ 3.17 ಸೆಂ.ಮೀ., ಅಂದರೆ ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಇದನ್ನು ನೀವು ಮನೆಯಲ್ಲೇ ಮಾಡಿಕೊಳ್ಳಬಹುದು.

ಹಳೆಯ ಮದುವೆ ಕಾಗದದಂಥ ದಪ್ಪ ಕಾಗದದಿಂದ 12 ಸೆಂ.ಮೀ. ಉದ್ದ, 5.7 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ. ಒಂದು ತುದಿಯಿಂದ ಸರಿಯಾಗಿ 10 ಸೆಂ.ಮೀ.ಗೆ ಅಡ್ಡ ಗೆರೆ ಎಳೆಯಿರಿ. ಪಟ್ಟಿಯನ್ನು ಸುತ್ತಿ ಆ ತುದಿಯನ್ನು ಗೆರೆಗೆ ತಾಗಿಸಿ. ಉಳಿದ 2 ಸೆಂ.ಮೀ. ಹೊರಗಿನಿಂದ ಮೇಲೆ ಬರುವಂತೆ ಅಂಟಿಸಿ. ಸುತ್ತಳತೆ 10 ಸೆಂ.ಮೀ. ಇದ್ದರೆ ಒಳ ಅಗಲ ಸುಮಾರು 3.2 ಸೆಂ.ಮೀ. ಬರುತ್ತದೆ. ಇದನ್ನು ಮೇಜಿನ ಮೇಲೆ ನಿಲ್ಲಿಸಿ, ತುಂಡನ್ನು ಒತ್ತದೆ ಒಳಗೆ ಬಿಡಿ. ಹೇಗೆ ತಿರುಗಿಸಿದರೂ ಹೊರಗೆ ಇಣುಕುತ್ತಿದ್ದರೆ ಸರಿ. ಯಾವುದಾದರೊಂದು ರೀತಿಯಲ್ಲಿ ಪೂರ್ತಿ ಒಳಗೆ ಅಡಗಿದರೆ ಅದು ಮೂರು ವರ್ಷದೊಳಗಿನ ಮಗುವಿಗೆ ಬೇಡ.

ಚೆಂಡಿಗೆ ಈ ಕೊಳವೆ ಸಾಲದು. ದುಂಡು ವಸ್ತು ಜಾರಿ ಗಂಟಲಿನ ಹಿಂಭಾಗಕ್ಕೆ ಹೋಗಿ ಉಸಿರಿನ ದಾರಿಯನ್ನು ಬೆಣೆಯಂತೆ ಮುಚ್ಚುತ್ತದೆ. ಆದ್ದರಿಂದ ಚೆಂಡಿಗೆ ಅಳತೆ ದೊಡ್ಡದು, 4.45 ಸೆಂ.ಮೀ. ಇದಕ್ಕೆ 16 ಸೆಂ.ಮೀ. ಪಟ್ಟಿ ತೆಗೆದುಕೊಂಡು 14 ಸೆಂ.ಮೀ.ಗೆ ಗೆರೆ ಎಳೆದು ಎರಡನೆಯ ಕೊಳವೆ ಮಾಡಿ. ಅದರ ಮೂಲಕ ತೂರಿ ಹೋಗುವ ಚೆಂಡು ಬೇಡ. ದುಂಡು ತಲೆಯ, ಕೈಕಾಲಿಲ್ಲದ ಪುಟ್ಟ ಮರದ ಬೊಂಬೆಗಳ ತಲೆಯನ್ನೂ ಇದೇ ಕೊಳವೆಯಲ್ಲಿ ನೋಡಿ. ಆ ತಲೆ ಗಂಟಲಿನ ಪಾಲಿಗೆ ಚೆಂಡೇ.

ಬಿಡಿಯಾಗಿರುವ ತುಂಡು ಮಾತ್ರವಲ್ಲ, ಕಳಚಿ ಬರುವ ತುಂಡೂ ಲೆಕ್ಕಕ್ಕೆ ಬರುತ್ತದೆ. ಚಕ್ರ, ಅಚ್ಚಿನ ತುದಿಯ ಗೂಟ, ಅಂಟಿಸಿದ ಕಣ್ಣು, ಮಣಿ, ತುದಿಯ ಗುಂಡು ಇವನ್ನು ಒಂದೊಂದಾಗಿ ಹಿಡಿದು ತಿರುಚಿ, ಎಳೆಯಿರಿ. ಪ್ರಯೋಗಾಲಯದಲ್ಲಿ ಸುಮಾರು ಏಳು ಕಿಲೋ ತೂಕದಷ್ಟು ಬಲದಿಂದ ಎಳೆಯುತ್ತಾರೆ. ಏಳು ಲೀಟರ್ ನೀರಿರುವ ಬಕೆಟ್ ಎತ್ತುವಾಗ ಬೇಕಾಗುವ ಬಲ ಅದು. ಗಿಲಕಿಯಾದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಬೆಳಕಿಗೆ ಹಿಡಿದು ಸುತ್ತ ನೋಡಿ. ಒಳಗೆ ಕಾಳು ಅಥವಾ ಮಣಿ ಇರುವ ಗಿಲಕಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದು ನೆಲಕ್ಕೆ ಬಿದ್ದಾಗ ಸೀಳಿ ಕಾಳು ಹೊರಗೆ ಬರುತ್ತದೆ.

ಸಿಬಿರು ಮತ್ತು ಬಿರುಕು

ಲೇತ್‌ನಲ್ಲಿ ಕಡೆದ ಆಟಿಕೆಯ ಮೈ ನುಣುಪಾಗಿರುತ್ತದೆ. ಸಿಬಿರು ಇರುವುದು ಯಂತ್ರದಿಂದ ಕತ್ತರಿಸಿ ತೆಗೆದ ತುದಿಯಲ್ಲಿ, ಹೆಚ್ಚಾಗಿ ಬುಡದಲ್ಲಿ. ತೂತು ಕೊರೆದ ಜಾಗದ ಒಳ ಅಂಚು, ಪುಟ್ಟ ಲೋಟ ತಟ್ಟೆಗಳ ಒಳಭಾಗ, ಪ್ಲೈವುಡ್‌ನ ಪದರ ಕಾಣುವ ಅಂಚು ಇವೂ ಅನುಮಾನದ ಜಾಗಗಳೇ. ದೊಡ್ಡವರ ಬೆರಳು ಒರಟು. ಮಗುವಿಗೆ ಚುಚ್ಚುವುದು ನಮಗೆ ತಿಳಿಯದೆ ಹೋಗಬಹುದು. ಆದ್ದರಿಂದ ಒಂದು ಉಂಡೆ ಹತ್ತಿಯನ್ನು ಈ ಜಾಗಗಳ ಮೇಲೆ ಎರಡೂ ದಿಕ್ಕಿನಲ್ಲಿ ಎಳೆಯಿರಿ. ಹತ್ತಿಯ ಎಳೆ ಸಿಕ್ಕಿಕೊಂಡು ಉಳಿದರೆ ಅಲ್ಲಿ ಸಿಬಿರು ಇದೆ. ಬಣ್ಣವಿಲ್ಲದ ಮರದಲ್ಲಿ ಅಷ್ಟೇ ದೋಷವಾದರೆ ಮನೆಯಲ್ಲಿ ಸಣ್ಣ ಕಣದ ಸ್ಯಾಂಡ್ ಪೇಪರ್‌ನಿಂದ ಉಜ್ಜಿ ಸರಿ ಮಾಡಬಹುದು. ಪೇಂಟ್ ಹಚ್ಚಿದ್ದನ್ನು ಮಾತ್ರ ಎಂದೂ ಉಜ್ಜಬೇಡಿ. ಅದರಲ್ಲಿ ಸೀಸವಿದ್ದರೆ ಧೂಳಾಗಿ ಮನೆಯೆಲ್ಲ ಹರಡುತ್ತದೆ.

ಮರದ ತುದಿಯಿಂದ ಉದ್ದಕ್ಕೆ ಹೋಗುವ ಬಿರುಕಿದ್ದರೆ ಅದು ಸರಿಯಾಗಿ ಒಣಗದ ಮರದ ಗುರುತು. ಅಂಥದ್ದು ಮನೆಯಲ್ಲಿ ಇನ್ನಷ್ಟು ಒಣಗಿ ಬಿರುಕು ದೊಡ್ಡದಾಗುತ್ತದೆ, ಬೆರಳಿನ ಚರ್ಮ ಅದರಲ್ಲಿ ಸಿಕ್ಕುತ್ತದೆ. ಮಳೆಗಾಲದಲ್ಲಿ ಮರ ಉಬ್ಬುವುದರಿಂದ ಗೂಟಗಳು ಬಿಗಿಯಾಗಿರುತ್ತವೆ. ಬೇಸಿಗೆಯಲ್ಲಿ ಅದೇ ಗೂಟ ಸಡಿಲವಾಗಿ ಕೈಗೆ ಬರಬಹುದು. ಜುಲೈಯಲ್ಲಿ ಮಂಗಳೂರಿನಲ್ಲಿ ಕೊಂಡ ಗಾಡಿಯನ್ನು ಮಾರ್ಚ್ ಬಂದಾಗ ಇನ್ನೊಮ್ಮೆ ಎಳೆದು ನೋಡುವುದು ಇದೇ ಕಾರಣಕ್ಕೆ.

ಎರಡು ಆಟಿಕೆಗಳನ್ನು ಪರೀಕ್ಷಿಸಿ ನೋಡೋಣ

ಒಂದೂವರೆ ವರ್ಷದ ಮಗುವಿಗೆಂದು ಅಂಗಡಿಯಲ್ಲಿ ಎರಡನ್ನು ಕೈಗೆತ್ತಿಕೊಂಡಿದ್ದೀರಿ ಎಂದುಕೊಳ್ಳಿ. ಒಂದು, ಹಗ್ಗ ಕಟ್ಟಿ ಎಳೆಯುವ ಕೆಂಪು ಆನೆ. ಇನ್ನೊಂದು, ಬಣ್ಣದ ಬಳೆಗಳನ್ನು ಪೋಣಿಸುವ ಗೋಪುರ. ಎರಡರ ಮೇಲೂ ಮುದ್ರೆ ಇಲ್ಲ.

ಆನೆಯ ಮೈ ಹಲಗೆಯಿಂದ ಕತ್ತರಿಸಿದ್ದು, ಚಪ್ಪಟೆ. ಹೊಟ್ಟೆಯ ಕೆಳಗೆ ಬ್ರಷ್ಷಿನ ಗೆರೆ, ಇಳಿದು ಒಣಗಿದ ಒಂದು ಹನಿ ಕಾಣುತ್ತದೆ. ಅಲ್ಲಿಗೆ ಅದು ಪೇಂಟ್ ಎಂದು ತಿಳಿಯಿತು. ಒದ್ದೆ ಬಟ್ಟೆಗೆ ಬಣ್ಣ ಹತ್ತಲಿಲ್ಲ, ಆದರೆ ಅಚ್ಚಿನ ತೂತಿನ ಬಳಿ ಉಗುರಿಗೆ ಹೊಪ್ಪಳೆ ಎದ್ದಿತು. ಕಣ್ಣಿಗೆ ಅಂಟಿಸಿದ ಮಣಿ ತಿರುಚಿದಾಗ ಕಳಚಿತು. ಚಕ್ರದ ಅಗಲ 3 ಸೆಂ.ಮೀ. ಎಳೆದಾಗ ಗೂಟ ಜಾರಿ ಚಕ್ರ ಕೈಗೆ ಬಂತು, ಮೊದಲ ಕೊಳವೆಯೊಳಗೆ ಪೂರ್ತಿ ಅಡಗಿತು. ಬಟ್ಟೆಯ ಪರೀಕ್ಷೆಯೊಂದನ್ನೇ ಮಾಡಿದ್ದರೆ ಈ ಆನೆ ಮನೆಗೆ ಬರುತ್ತಿತ್ತು. ಈಗ ಬೇಡವೆಂದು ಸ್ಪಷ್ಟ.

ಗೋಪುರದ ಬಳೆಗಳು ದುಂಡು. ಬಣ್ಣ ಉಂಗುರವಾಗಿ ಹರಡಿದೆ, ಅದು ಅರಗು. ಬಟ್ಟೆಗೆ ಬಣ್ಣ ಇಲ್ಲ, ಟೇಪಿಗೆ ಏನೂ ಬರಲಿಲ್ಲ. ಅತಿ ಸಣ್ಣ ಬಳೆ 5 ಸೆಂ.ಮೀ., ಮೊದಲ ಕೊಳವೆಗೆ ಇಳಿಯುವುದಿಲ್ಲ. ಬುಡದ ಅಡಿಯಲ್ಲಿ ಹತ್ತಿ ಸಿಕ್ಕಲಿಲ್ಲ. ಆದರೆ ಮೇಲೆ ಕೂರಿಸುವ ಗುಂಡು ಬಿಡಿಯಾಗಿ ಕೈಗೆ ಬರುತ್ತದೆ, ಅದರ ಅಗಲ 3.5 ಸೆಂ.ಮೀ. ಮೊದಲ ಕೊಳವೆಗೆ ಅದು ಹೋಗುವುದಿಲ್ಲ, ಎರಡನೆಯದರಲ್ಲಿ ಸಲೀಸಾಗಿ ತೂರಿತು. ಉಳಿದೆಲ್ಲದರಲ್ಲಿ ಗೆದ್ದ ಗೋಪುರ ಇಲ್ಲಿ ಸೋತಿತು. ಬಿಟ್ಟುಬಿಡಬೇಕಾಗಿಲ್ಲ. ದೊಡ್ಡ ಗುಂಡು ಇರುವುದನ್ನು ಅಥವಾ ಗುಂಡು ಕಂಬಕ್ಕೆ ಅಂಟಿಕೊಂಡಿರುವುದನ್ನು ಕೇಳಿ. ಅದೂ ಇಲ್ಲದಿದ್ದರೆ ಗುಂಡನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಅದಿಲ್ಲದೆಯೂ ಮಗು ಬಳೆ ಪೋಣಿಸಬಲ್ಲದು.

ಮನೆಗೆ ತಂದ ಮೇಲೆ

ಅರಗಿನ ಆಟಿಕೆಯನ್ನು ಸ್ಯಾನಿಟೈಸರ್‌ನಿಂದ ಒರೆಸಬೇಡಿ, ಬಿಸಿನೀರಿಗೆ ಹಾಕಬೇಡಿ. ಸ್ಯಾನಿಟೈಸರಿನ ಆಲ್ಕೋಹಾಲಿನಲ್ಲಿ ಅರಗು ಕರಗಿ ಅಂಟಂಟಾಗುತ್ತದೆ, ಬಿಸಿಗೆ ಮೆದುವಾಗುತ್ತದೆ. ಒದ್ದೆ ಬಟ್ಟೆಗೆ ಸ್ವಲ್ಪ ಸೋಪು ಹಾಕಿ ಒರೆಸಿ, ಬೇರೆ ಒದ್ದೆ ಬಟ್ಟೆಯಿಂದ ಸೋಪು ತೆಗೆದು, ಕೂಡಲೇ ಒಣ ಬಟ್ಟೆಯಿಂದ ಒರೆಸಿ ನೆರಳಲ್ಲಿಡಿ. ನೀರಿನಲ್ಲಿ ನೆನೆಸಿದ ಮರ ಉಬ್ಬಿ, ಒಣಗುವಾಗ ಬಿರಿಯುತ್ತದೆ. ಹಳೆಯ ಆಟಿಕೆಗೆ ಮನೆಯಲ್ಲಿ ಉಳಿದ ಆಯಿಲ್ ಪೇಂಟ್ ಹಚ್ಚಿ ಹೊಸದು ಮಾಡುವ ಅಭ್ಯಾಸವನ್ನೂ ಬಿಡಿ.

ಬಣ್ಣ ಎದ್ದ ಆಟಿಕೆಯನ್ನು ಮಗು ಬಹಳ ದಿನ ಜಗಿದಿದ್ದರೆ ಮಕ್ಕಳ ವೈದ್ಯರಿಗೆ ತಿಳಿಸಿ. ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಪರೀಕ್ಷಿಸಬಹುದು. ಆಡುತ್ತಿದ್ದ ಮಗು ಒಮ್ಮೆಲೇ ಕೆಮ್ಮತೊಡಗಿ, ಆಮೇಲೆ ಕೆಮ್ಮು ನಿಂತರೂ ಉಸಿರಾಟದಲ್ಲಿ ಸದ್ದು ಉಳಿದಿದ್ದರೆ, ಆಟಿಕೆಯ ತುಂಡೊಂದು ಕಾಣೆಯಾಗಿದ್ದರೆ ಕಾಯಬೇಡಿ. ಕಾಣದ ತುಂಡಿಗಾಗಿ ಬಾಯಿಯೊಳಗೆ ಬೆರಳು ಹಾಕಿ ತಡಕಾಡಬೇಡಿ, ಅದು ಇನ್ನೂ ಒಳಗೆ ಹೋಗಬಹುದು. ಉಳಿದ ಆಟಿಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ಕಾಣೆಯಾದ ತುಂಡು ಎಷ್ಟು ದೊಡ್ಡದೆಂದು ವೈದ್ಯರಿಗೆ ಅದರಿಂದ ತಿಳಿಯುತ್ತದೆ. ಮರದ ತುಂಡು ಎಕ್ಸ್‌ರೇಯಲ್ಲಿ ಕಾಣದೆ ಹೋಗುವುದೇ ಹೆಚ್ಚು. ಆದ್ದರಿಂದ ಮರದ ಆಟಿಕೆ ಎಂಬುದನ್ನು ನೀವೇ ಬಾಯಿಬಿಟ್ಟು ಹೇಳಿ.